ಕೀ ಹೆಚ್ಚಾಗಿ ವಾಚು ನಿಲ್ಲುವುದಿಲ್ಲ, ಕಡಿಮೆಯಾಗಿ ನಿಲ್ಲುತ್ತದೆ

ಪ್ರಶ್ನೆ: ನಾನೊಂದು ಸಣ್ಣಕಥೆ ಬರೆಯುತ್ತಿದ್ದೇನೆ. ಬಸವನಗುಡಿಯ ತಾತ ಒಬ್ಬರು ತಮ್ಮ ಹಳೆಯ ಎಚ್‌ಎಂಟಿ ಜನತಾ ವಾಚಿಗೆ ದಿನಾ ಬೆಳಿಗ್ಗೆ ಆರು ಗಂಟೆಗೆ ಕೀ ಕೊಡುವುದನ್ನು ಎಂಟು ವರ್ಷದ ಮೊಮ್ಮಗಳಿಗೆ ಕಲಿಸುತ್ತಾರೆ. ನಾಲ್ಕು ದಿನ ಕಳೆಯುವುದರೊಳಗೆ ಅವಳು ಕೀ ಹೆಚ್ಚಾಗಿ ಕೊಟ್ಟು ವಾಚು ನಿಂತುಹೋಗುತ್ತದೆ. ಕಥೆ ತಿರುಗುವುದೇ ಅಲ್ಲಿ. ಓದಿದ ಗೆಳೆಯರೊಬ್ಬರು ‘ಕೀ ಹೆಚ್ಚಾಗಿ ವಾಚು ನಿಲ್ಲುವುದಿಲ್ಲ’ ಎಂದರು. ನಾನಾದರೋ ಆ ಮಾತನ್ನು ಮನೆಯಲ್ಲಿ ಕೇಳುತ್ತಲೇ ಬೆಳೆದವಳು. ಯಾವುದು ನಿಜ? ವಾಚು ನಿಲ್ಲಲೇಬೇಕಾದರೆ ಯಾವ ಕಾರಣ ಕೊಟ್ಟರೆ ಕಥೆ ಸುಳ್ಳಾಗುವುದಿಲ್ಲ?

ಉತ್ತರ: ನಿಮ್ಮ ಗೆಳೆಯರು ಹೇಳಿದ್ದು ಸರಿ. ಅವೆನ್ಯೂ ರಸ್ತೆಯ ಹತ್ತಿರದ ಒಂದು ಗಲ್ಲಿಯಲ್ಲಿ ಮೂವತ್ತು ವರ್ಷಗಳಿಂದ ವಾಚ್ ರಿಪೇರಿ ಮಾಡುತ್ತಿರುವ ನನ್ನ ಮುಂದೆ ‘ಕೀ ಜಾಸ್ತಿ ಆಗಿ ನಿಂತಿದೆ’ ಎಂಬ ಮಾತಿನೊಂದಿಗೆ ಬಂದ ವಾಚುಗಳಿಗೆ ಲೆಕ್ಕವಿಲ್ಲ. ಅವುಗಳಲ್ಲಿ ಒಂದಾದರೂ ಕೀ ಹೆಚ್ಚಾದ ಕಾರಣಕ್ಕೆ ನಿಂತದ್ದನ್ನು ನಾನು ಕಂಡಿಲ್ಲ. ಹಾಗೆಂದು ನಿಮ್ಮ ಕಥೆಯ ತಿರುವನ್ನು ಕೈಬಿಡಬೇಕಾಗಿಲ್ಲ. ಆ ಮಗು ಕೀ ಕೊಟ್ಟದ್ದರಿಂದಲೇ ನಾಲ್ಕನೆಯ ರಾತ್ರಿ ವಾಚು ನಿಲ್ಲುವುದಕ್ಕೆ ಬಹಳ ಸಹಜವಾದ ಇನ್ನೊಂದು ದಾರಿ ಇದೆ. ಅಲ್ಲಿಗೆ ಬರುವ ಮೊದಲು, ಕೀ ಕೊಡಲು ವಾಚಿನ ಪಕ್ಕದಲ್ಲಿರುವ ಆ ಪುಟ್ಟ ತಿರುಪನ್ನು ತಿರುಗಿಸಿದಾಗ ಒಳಗೆ ಏನಾಗುತ್ತದೆ ಎಂಬುದನ್ನು ಹೇಳಿಬಿಡುತ್ತೇನೆ.

ವಾಚಿನೊಳಗೆ ಬ್ಯಾರಲ್ ಎಂಬ ಚಪ್ಪಟೆ ಡಬ್ಬಿ ಇರುತ್ತದೆ. ಅದರ ಹೊರ ಅಂಚಿನಲ್ಲಿ ಹಲ್ಲುಗಳಿರುತ್ತವೆ, ಒಳಗೆ ತೆಳುವಾದ ಉಕ್ಕಿನ ಪಟ್ಟಿಯೊಂದು ಸುರುಳಿಯಾಗಿ ಕುಳಿತಿರುತ್ತದೆ. ಅದೇ ಮೇನ್‌ಸ್ಪ್ರಿಂಗ್. ಪಟ್ಟಿಯ ಒಂದು ತುದಿ ಡಬ್ಬಿಯ ಒಳಗೋಡೆಗೂ ಇನ್ನೊಂದು ತುದಿ ನಡುವಿನ ಕಂಬಕ್ಕೂ ಸಿಕ್ಕಿಕೊಂಡಿರುತ್ತವೆ. ನೀವು ಕೀ ಕೊಟ್ಟಾಗ ಕಂಬ ತಿರುಗಿ ಪಟ್ಟಿಯನ್ನು ತನ್ನ ಮೈಗೆ ಸುತ್ತಿಕೊಳ್ಳುತ್ತದೆ. ಕಂಬ ಹಿಂದಕ್ಕೆ ಬಿಚ್ಚಿಕೊಳ್ಳದಂತೆ ಕ್ಲಿಕ್ ಎಂಬ ಸಣ್ಣ ನಾಲಗೆ ಒಂದೊಂದೇ ಹಲ್ಲನ್ನು ತಡೆದು ಹಿಡಿಯುತ್ತದೆ. ಬೆಳಗಿನ ಮೌನದಲ್ಲಿ ಕೇಳುವ ಕಿರ್ ಕಿರ್ ಸದ್ದು ಅದರದೇ. ಪಟ್ಟಿಯೆಲ್ಲ ಕಂಬಕ್ಕೆ ಬಿಗಿಯಾಗಿ ಸುತ್ತಿಕೊಂಡ ಮೇಲೆ ಸುತ್ತಲು ಏನೂ ಉಳಿಯದೆ ತಿರುಪು ಗಟ್ಟಿಯಾಗಿ ನಿಲ್ಲುತ್ತದೆ. ಅದು ವಾಚಿನ ದೋಷವಲ್ಲ, ‘ತುಂಬಿತು’ ಎಂದು ವಾಚು ಹೇಳುವ ರೀತಿ. ಒಳ್ಳೆಯ ಸ್ಥಿತಿಯಲ್ಲಿರುವ ವಾಚು ಸರಿಯಾಗಿ ನಡೆಯುವುದು ಹೀಗೆ ಪೂರ್ತಿ ಬಿಗಿದಾಗಲೇ. ಆ ಗಡಿಯನ್ನು ದಾಟಿ ಇಕ್ಕಳ ಹಿಡಿದವರಂತೆ ತಿರುಚಿದರೆ ಪಟ್ಟಿಯ ತುದಿ ಕಿತ್ತು ಬರಬಹುದು ಅಥವಾ ತಿರುಪಿನ ಸಣ್ಣ ಕಡ್ಡಿ ಮುರಿಯಬಹುದು. ಎಂಟು ವರ್ಷದ ಮಗುವಿನ ಎರಡು ಬೆರಳಿಗೆ ಸಾಮಾನ್ಯವಾಗಿ ಅಷ್ಟು ಬಲ ಇರುವುದಿಲ್ಲ, ಅದಕ್ಕೂ ಮೊದಲೇ ತಿರುಪು ಬೆರಳಿನಲ್ಲಿ ಜಾರುತ್ತದೆ.

ಹಾಗಾದರೆ ಇಷ್ಟೊಂದು ಮನೆಗಳಲ್ಲಿ ಈ ಮಾತು ಹೇಗೆ ಉಳಿಯಿತು? ಒಂದು ಕಾರಣ ನಿಜವಾದ ಅನುಭವದಿಂದಲೇ ಬಂದದ್ದು. ಹಿಂದಿನ ಕಾಲದ ಮೇನ್‌ಸ್ಪ್ರಿಂಗುಗಳು ನೀಲಿ ಛಾಯೆಯ ಕಾರ್ಬನ್ ಉಕ್ಕಿನವು. ಅವುಗಳಿಗೆ ತುಕ್ಕು ಹಿಡಿಯುತ್ತಿತ್ತು, ವರ್ಷಗಟ್ಟಲೆ ಬಿಗಿದು ಸಡಿಲಗೊಂಡು ದಣಿದ ಉಕ್ಕು ಒಂದು ದಿನ ಪಟ್ಟನೆ ಮುರಿಯುತ್ತಿತ್ತು. ಪಟ್ಟಿ ಅತಿ ಹೆಚ್ಚು ಬಿಗಿದಿರುವುದು ಕೀ ಕೊಡುವಾಗ ಮತ್ತು ಕೊಟ್ಟ ನಂತರದ ಕೆಲವು ಗಂಟೆಗಳಲ್ಲಿ. ಆದ್ದರಿಂದ ಮುರಿಯುತ್ತಿದ್ದುದೂ ಬಹುಮಟ್ಟಿಗೆ ಆಗಲೇ. ಕೊನೆಯ ಸಲ ಕೀ ಕೊಟ್ಟವರ ಮೇಲೆ ತಪ್ಪು ಬೀಳುತ್ತಿತ್ತು. ನಂತರ ಬಂದ ತುಕ್ಕು ಹಿಡಿಯದ ಮಿಶ್ರಲೋಹದ ಬಿಳಿ ಸ್ಪ್ರಿಂಗುಗಳಲ್ಲಿ ಇಂಥ ಮುರಿತ ಬಹಳ ಅಪರೂಪ.

ಎರಡನೆಯ ಕಾರಣ ಇನ್ನೂ ಸಾಮಾನ್ಯವಾದದ್ದು. ಅದನ್ನು ನನ್ನ ಮೇಜಿನ ಮೇಲೆ ನಡೆದ ಒಂದು ಪ್ರಸಂಗದಿಂದ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಒಬ್ಬ ತಾಯಿ ತಮ್ಮ ಮಾವನವರ ಜನತಾ ವಾಚು ತಂದರು, ಜೊತೆಯಲ್ಲಿ ಒಂಬತ್ತು ವರ್ಷದ ಮಗಳೂ ಇದ್ದಳು. ‘ಇವಳು ಕೀ ಜಾಸ್ತಿ ಕೊಟ್ಟುಬಿಟ್ಟಿದ್ದಾಳೆ, ನೋಡಿ, ತಿರುಗೋದೇ ಇಲ್ಲ’ ಎಂದರು. ಮಗು ಕೌಂಟರಿನ ಗಾಜಿಗೆ ಗಲ್ಲವಿಟ್ಟು ನೆಲ ನೋಡುತ್ತಿತ್ತು. ತಿರುಪು ನಿಜಕ್ಕೂ ಗಟ್ಟಿಯಾಗಿತ್ತು, ಸ್ಪ್ರಿಂಗ್ ತುಂಬಿತ್ತು. ಹಿಂಬದಿಯ ಮುಚ್ಚಳ ತೆಗೆದಾಗ ಅದರ ಒಳಮೈಯಲ್ಲಿ ಹಿಂದೆ ಯಾರೋ ರಿಪೇರಿಯವರು ಸೂಜಿಯಿಂದ ಗೀರಿದ ತಾರೀಖು ಕಾಣಿಸಿತು. ಸರ್ವೀಸ್ ಮಾಡಿದ ದಿನವನ್ನು ಹಾಗೆ ಗುರುತು ಹಾಕುವ ರೂಢಿ ನಮ್ಮಲ್ಲಿದೆ. ಆ ಗುರುತಿಗೆ ಹದಿನಾರು ವರ್ಷ ಆಗಿತ್ತು.

ತಿರುಪನ್ನು ಬೆರಳಲ್ಲಿ ಹಿಡಿದು, ಮರದ ಕಡ್ಡಿಯಿಂದ ಕ್ಲಿಕ್ಕನ್ನು ಪಕ್ಕಕ್ಕೆ ಸರಿಸಿ, ಸ್ಪ್ರಿಂಗಿನ ಬಲವನ್ನು ನಿಧಾನವಾಗಿ ಇಳಿಸಿದೆ. ತಿರುಪು ಬೆರಳುಗಳ ನಡುವೆ ಸಮನಾಗಿ ಹಿಂದಕ್ಕೆ ಉರುಳಿತು. ಮುರಿದ ಸ್ಪ್ರಿಂಗ್ ಹೀಗೆ ಉರುಳುವುದಿಲ್ಲ, ಆದ್ದರಿಂದ ಸ್ಪ್ರಿಂಗ್ ಸರಿಯಾಗಿಯೇ ಇತ್ತು. ಚಕ್ರಗಳನ್ನು ಬಿಚ್ಚಿ, ನಾವು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಲೂಪ್ ಎಂಬ ಭೂತಗನ್ನಡಿಯಲ್ಲಿ ನೋಡಿದರೆ ಅಚ್ಚುಗಳ ತುದಿ ಕೂರುವ ಕೆಂಪು ಕಲ್ಲುಗಳಲ್ಲಿ ಎಣ್ಣೆಯ ಬದಲು ಕಂದು ಬಣ್ಣದ ಅಂಟು ಉಳಿದಿತ್ತು, ಬ್ಯಾರಲ್ಲಿನ ಗ್ರೀಸ್ ಮಣ್ಣಿನಂತೆ ಒಣಗಿತ್ತು. ಸ್ಪ್ರಿಂಗ್ ತಳ್ಳುತ್ತಿತ್ತು, ಚಕ್ರಗಳು ಅಲುಗಲಾರದೆ ನಿಂತಿದ್ದವು. ತೊಳೆದು, ಹೊಸ ಎಣ್ಣೆ ಹಾಕಿ ಜೋಡಿಸಿದ ಮೇಲೆ ಅದೇ ಸ್ಪ್ರಿಂಗ್, ಅಷ್ಟೇ ಪೂರ್ತಿ ಕೀ, ವಾಚು ನಡೆಯಿತು.

ಆ ಮನೆಯಲ್ಲಿ ನಡೆದದ್ದನ್ನು ಕೇಳಿ ತಿಳಿದುಕೊಂಡೆ. ವಾಚು ಅದಕ್ಕೂ ಮೊದಲೇ ಆಗಾಗ ನಿಲ್ಲುತ್ತಿತ್ತು, ತಾತ ಕೈ ಕೊಡವಿ ನಡೆಸಿಕೊಳ್ಳುತ್ತಿದ್ದರು. ಅಂದು ನಿಂತಾಗ ‘ಕೀ ಮುಗಿದಿರಬೇಕು’ ಎಂದುಕೊಂಡು ಮಗು ತಿರುಗಿಸಿತ್ತು, ಗಟ್ಟಿಯಾಗುವವರೆಗೂ ತಿರುಗಿಸಿತ್ತು. ಅಂದರೆ ಕೀ ಹೆಚ್ಚಾಗಿ ವಾಚು ನಿಲ್ಲಲಿಲ್ಲ, ವಾಚು ನಿಂತದ್ದರಿಂದ ಕೀ ತುಂಬಿತು. ಮುಂಚೆ ಯಾವುದು ಆಯಿತು, ಆಮೇಲೆ ಯಾವುದು ಎಂಬುದು ಅದಲುಬದಲಾದದ್ದರಿಂದ ಒಂದು ಮಗು ವಾರವಿಡೀ ತಲೆ ತಗ್ಗಿಸಿ ಓಡಾಡಿತ್ತು. ನಾನು ಮುಚ್ಚಳದ ಮೇಲಿನ ಆ ತಾರೀಖನ್ನು ಲೂಪಿನಲ್ಲಿ ಅವಳಿಗೇ ತೋರಿಸಿ, ‘ನೀನು ಹುಟ್ಟೋಕೆ ಮುಂಚಿನ ಎಣ್ಣೆ ಇದು’ ಎಂದೆ. ನಿಮ್ಮ ಪ್ರಶ್ನೆ ಓದಿದಾಗ ನನಗೆ ಮೊದಲು ನೆನಪಾದದ್ದು ಅವಳ ಮುಖ. ನಿಮ್ಮ ಕಥೆಯ ಹುಡುಗಿಯ ಮೇಲೆ ಈ ಸುಳ್ಳು ಆರೋಪ ನಿಲ್ಲದಿರಲಿ ಎಂಬುದೇ ನಾನು ಇಷ್ಟು ಉದ್ದ ಬರೆಯುವುದಕ್ಕೆ ಕಾರಣ.

ಈಗ ತಾತ ಕಲಿಸುವ ಕ್ರಮಕ್ಕೆ ಬರೋಣ. ಕಥೆಯ ಜೀವ ಇರುವುದು ಅಲ್ಲೇ ಎಂದು ನನಗನ್ನಿಸುತ್ತದೆ. ವಾಚನ್ನು ಬಲ್ಲ ತಾತ ಮೊದಲು ಅದನ್ನು ಕೈಯಿಂದ ಬಿಚ್ಚುತ್ತಾರೆ. ಕೈಯಲ್ಲಿ ಕಟ್ಟಿಕೊಂಡೇ ಕೀ ಕೊಟ್ಟರೆ ಬೆರಳುಗಳಿಗೆ ಜಾಗ ಸಾಲದೆ ತಿರುಪು ಓರೆಯಾಗಿ ಎಳೆಯಲ್ಪಡುತ್ತದೆ, ವರ್ಷಗಳ ಮೇಲೆ ಅದರ ಕಡ್ಡಿಯೂ ಅದು ಕೂರುವ ತೂತೂ ಸವೆಯುತ್ತವೆ. ಡಯಲ್ ಮೇಲಕ್ಕೆ ಕಾಣುವಂತೆ ಎಡಗೈಯಲ್ಲಿ ವಾಚು, ಬಲಗೈ ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ತಿರುಪು. ಹೆಬ್ಬೆರಳಿನಿಂದ ಮೇಲಕ್ಕೆ ಉರುಳಿಸಿದರೆ ಕಿರ್ ಎನ್ನುತ್ತದೆ, ಕೆಳಕ್ಕೆ ಉರುಳಿಸಿದರೆ ಹಗುರವಾಗಿ ಜಾರುತ್ತದೆ. ಹಿಂದಕ್ಕೆ ತಿರುಗಿಸಿದರೆ ಕೆಡುತ್ತದೆ ಎಂಬ ಮಾತನ್ನೂ ನೀವು ಕೇಳಿರಬಹುದು. ಅದೂ ನಿಜವಲ್ಲ. ಓರೆ ಹಲ್ಲುಗಳ ಒಂದು ಪುಟ್ಟ ಜೋಡಿ ಒಳಗಿದ್ದು, ಹಿಂದಕ್ಕೆ ತಿರುಗಿಸುವಾಗ ಒಂದರ ಮೇಲೊಂದು ಜಾರುವಂತೆಯೇ ಅದನ್ನು ಮಾಡಿರುತ್ತಾರೆ. ಅದರಿಂದಾಗಿ ಬೆರಳು ಎತ್ತದೆ ಹಿಂದೆ ಮುಂದೆ ಉರುಳಿಸುತ್ತ ಕೀ ಕೊಡಬಹುದು, ಹಿರಿಯರೆಲ್ಲ ಕೊಡುತ್ತಿದ್ದುದೂ ಹಾಗೆಯೇ.

ಬೆಳಿಗ್ಗೆ ಆರು ಗಂಟೆ ಎಂದು ನೀವು ಇಟ್ಟಿರುವುದು ಚೆನ್ನಾಗಿದೆ. ರಾತ್ರಿ ಕೊಟ್ಟರೆ ವಾಚು ಕೆಡುವುದಿಲ್ಲ, ಆದರೆ ದಿನವೂ ಒಂದೇ ಹೊತ್ತಿಗೆ ಕೊಡುವುದರಲ್ಲಿ ಅರ್ಥವಿದೆ. ಜನತಾದಂಥ ವಾಚು ಪೂರ್ತಿ ಕೀ ಕೊಟ್ಟರೆ ಸುಮಾರು 40 ಗಂಟೆ ನಡೆಯುತ್ತದೆ. ಮೊದಲ 24 ಗಂಟೆಗಳಲ್ಲಿ ಸ್ಪ್ರಿಂಗಿನ ಬಲ ಹೆಚ್ಚೂಕಡಿಮೆ ಸಮನಾಗಿರುತ್ತದೆ, ಕೊನೆಯ ಗಂಟೆಗಳಲ್ಲಿ ಕುಗ್ಗುತ್ತ ಹೋಗುತ್ತದೆ, ಬಲ ಕುಗ್ಗಿದಾಗ ವಾಚಿನ ಸಮಯವೂ ಆಚೀಚೆ ಆಗುತ್ತದೆ. ದಿನಕ್ಕೊಮ್ಮೆ ತುಂಬಿಸುವವರು ಆ ದುರ್ಬಲ ಗಂಟೆಗಳನ್ನು ಎಂದೂ ಮುಟ್ಟುವುದಿಲ್ಲ. ಜೊತೆಗೆ ಬೆಳಿಗ್ಗೆ ತುಂಬಿದ ವಾಚು, ಕೈ ಅಲುಗಾಟ ಹೆಚ್ಚಿರುವ ಹಗಲನ್ನು ಪೂರ್ಣ ಬಲದಿಂದ ಎದುರಿಸುತ್ತದೆ.

ಇಲ್ಲೊಂದು ಪುಟ್ಟ ಲೆಕ್ಕ ಇದೆ, ನಿಮ್ಮ ಕಥೆಗೆ ಬೇಕಾದ ತಿರುವು ಅದರೊಳಗೇ ಇದೆ. ತಾತನ ಬೆರಳಿಗೆ ಖಾಲಿ ವಾಚನ್ನು ತುಂಬಲು ಸುಮಾರು 35 ಉರುಳು ಬೇಕು ಎಂದಿಟ್ಟುಕೊಳ್ಳಿ. ವಾಚಿನಿಂದ ವಾಚಿಗೆ, ಕೈಯಿಂದ ಕೈಗೆ ಇದು ವ್ಯತ್ಯಾಸವಾಗುತ್ತದೆ, 30ರಿಂದ 40ರ ನಡುವೆ ಇರುವುದು ಸಹಜ. 35 ಉರುಳಿಗೆ 40 ಗಂಟೆ ಎಂದಾದರೆ, ಒಂದು ದಿನದ 24 ಗಂಟೆಗೆ 21 ಉರುಳು. ಅಂದರೆ ನಿತ್ಯ ಬೆಳಿಗ್ಗೆ ತಾತನ ಬೆರಳಿಗೆ ಇಪ್ಪತ್ತೊಂದು ಉರುಳಿಗೆ ತಿರುಪು ಗಟ್ಟಿಯಾಗುತ್ತದೆ. ಗಣಪತಿಗೆ ಏರಿಸುವ ಗರಿಕೆಯ ಲೆಕ್ಕವೂ ಅದೇ ಆದ್ದರಿಂದ, ‘ಇಪ್ಪತ್ತೊಂದು ಎಣಿಸು, ಪುಟ್ಟಿ’ ಎಂದು ತಾತ ಹೇಳಿಕೊಟ್ಟರೆ ಮಗು ಮರೆಯುವುದಿಲ್ಲ. ಆದರೆ ತಾತ ಒಂದನ್ನು ಮರೆತಿರುತ್ತಾರೆ. ಮಗುವಿನ ಬೆರಳಿನ ತುದಿ ಚಿಕ್ಕದು. ಒಮ್ಮೆ ಉರುಳಿಸಿದಾಗ ತಿರುಪು ತಾತನ ಕೈಯಲ್ಲಿ ತಿರುಗುವಷ್ಟು ಅವಳ ಕೈಯಲ್ಲಿ ತಿರುಗುವುದಿಲ್ಲ. ಅವಳ ಹತ್ತು ಉರುಳು ತಾತನ ಏಳಕ್ಕೆ ಸಮ ಎಂದುಕೊಂಡರೆ, ಅವಳು ಶ್ರದ್ಧೆಯಿಂದ ಎಣಿಸಿದ ಇಪ್ಪತ್ತೊಂದು ಉರುಳು ವಾಚಿಗೆ ಕೊಡುವುದು ಸುಮಾರು 17 ಗಂಟೆಯ ನಡಿಗೆಯನ್ನು ಮಾತ್ರ.

ಸೋಮವಾರ ಬೆಳಿಗ್ಗೆ ಆರಕ್ಕೆ ತಾತ ತಾವೇ ಪೂರ್ತಿ ಕೀ ಕೊಟ್ಟು ತೋರಿಸುತ್ತಾರೆ: 40 ಗಂಟೆ ತುಂಬಿದೆ. ಮಂಗಳವಾರ ಆರಕ್ಕೆ 16 ಗಂಟೆ ಉಳಿದಿರುತ್ತದೆ, ಮಗು 17 ಸೇರಿಸುತ್ತದೆ, 33 ಆಗುತ್ತದೆ. ಬುಧವಾರ ಆರಕ್ಕೆ ಉಳಿದ 9ಕ್ಕೆ 17 ಸೇರಿ 26. ಗುರುವಾರ ಆರಕ್ಕೆ ಉಳಿದಿರುವುದು 2 ಗಂಟೆ ಮಾತ್ರ. ಅದಕ್ಕೆ 17 ಸೇರಿದರೆ 19. ಆರು ಗಂಟೆಯಿಂದ ಹತ್ತೊಂಬತ್ತು ಗಂಟೆ ಎಣಿಸಿ. ಗುರುವಾರದ ರಾತ್ರಿ ದಾಟಿ, ಒಂದು ಗಂಟೆಯ ಹೊತ್ತಿಗೆ, ಮನೆಯೆಲ್ಲ ಮಲಗಿರುವಾಗ ವಾಚು ನಿಲ್ಲುತ್ತದೆ. ಶುಕ್ರವಾರ ಬೆಳಿಗ್ಗೆ ಮಗು ಎದ್ದು ಬಂದು ನೋಡುವಾಗ ಮುಳ್ಳುಗಳು ಒಂದರ ಆಸುಪಾಸಿನಲ್ಲಿರುತ್ತವೆ. ಮೂರು ದಿನವೂ ಹೇಳಿಕೊಟ್ಟಂತೆಯೇ ಮಾಡಿದ ಮಗು, ನಾಲ್ಕನೆಯ ದಿನ ನಿಂತ ವಾಚನ್ನು ಕಾಣುತ್ತದೆ.

ಈ ಲೆಕ್ಕಕ್ಕೆ ಒಂದು ಮಿತಿ ಇದೆ. ಕೊನೆಯ ಗಂಟೆಗಳಲ್ಲಿ ಬಲ ಕುಗ್ಗುವುದರಿಂದ, ಸರ್ವೀಸ್ ಆಗಿ ಬಹಳ ಕಾಲವಾದ ವಾಚು ಗುರುವಾರ ಬೆಳಗಿನೊಳಗೇ ನಿಂತುಬಿಡಬಹುದು. ನಿಮಗೆ ನಾಲ್ಕನೆಯ ರಾತ್ರಿಯೇ ಬೇಕಾದರೆ, ತಾತ ಹೋದ ವರ್ಷವಷ್ಟೇ ವಾಚನ್ನು ಸರ್ವೀಸ್ ಮಾಡಿಸಿದ್ದರು ಎಂದು ಕಥೆಯಲ್ಲಿ ಎಲ್ಲಾದರೂ ಒಂದು ಮಾತು ಬರಲಿ. ಹಾಗೆ ಬಂದರೆ ಎಣ್ಣೆ ಒಣಗಿ ನಿಂತಿರಬಹುದು ಎಂಬ ಅನುಮಾನಕ್ಕೂ ಜಾಗ ಇರುವುದಿಲ್ಲ.

ನೀವು ಬೇರೆ ಕಾರಣಗಳನ್ನೂ ಯೋಚಿಸಬಹುದು, ಆದರೆ ಪ್ರತಿಯೊಂದಕ್ಕೂ ತನ್ನದೇ ತೊಡಕಿದೆ. ಮಗುವಿನಿಂದ ವಾಚಿಗೆ ನಿಜವಾಗಿ ಆಗಬಹುದಾದ ಹಾನಿ ತಿರುಪನ್ನು ಎಳೆಯುವುದರಿಂದ ಆಗುವುದು. ಆಕಾಶವಾಣಿಯ ಬೆಳಗಿನ ವಾರ್ತೆಗೆ ಸಮಯ ಕೂಡಿಸಲು ತಿರುಪನ್ನು ಒಂದು ಹಂತ ಹೊರಗೆಳೆಯಬೇಕಲ್ಲ, ಆಗ ಉಗುರು ಹಾಕಿ ಓರೆಯಾಗಿ ಜಗ್ಗಿದರೆ ಕಡ್ಡಿ ಬಾಗುತ್ತದೆ, ಕೆಲವೊಮ್ಮೆ ತಿರುಪು ಕೈಗೇ ಬರುತ್ತದೆ. ರಿಪೇರಿ ಕಷ್ಟವಲ್ಲ, ಆದರೆ ನಿಮ್ಮ ಕಥೆಯಲ್ಲಿ ಮಗುವಿನ ಮೇಲೆ ನಿಜವಾದ ತಪ್ಪು ಬೀಳುತ್ತದೆ. ಇನ್ನೊಂದು, ಎಳೆದ ತಿರುಪನ್ನು ಮತ್ತೆ ಒತ್ತಲು ಮರೆಯುವುದು. ಆ ಸ್ಥಿತಿಯಲ್ಲಿ ತಿರುಗಿಸಿದರೆ ಮುಳ್ಳುಗಳು ಸುತ್ತುತ್ತವೆಯೇ ಹೊರತು ಸ್ಪ್ರಿಂಗ್ ಬಿಗಿಯುವುದಿಲ್ಲ, ಕಿರ್ ಸದ್ದೂ ಬರುವುದಿಲ್ಲ. ಡಯಲ್ ನೋಡುತ್ತಿರುವ ಮಗುವಿಗೆ ಅದು ತಕ್ಷಣ ಗೊತ್ತಾಗಿಬಿಡುತ್ತದೆ, ಆದ್ದರಿಂದ ಓದುಗರು ನಂಬುವುದು ಕಷ್ಟ. ವಾಚನ್ನು ಫೋನು ಅಥವಾ ಸ್ಪೀಕರ್ ಪಕ್ಕದಲ್ಲಿಟ್ಟು ಅಯಸ್ಕಾಂತದ ಪ್ರಭಾವ ತಗುಲಿತು ಎಂದು ಬರೆಯುವವರೂ ಇದ್ದಾರೆ. ಅಂಥ ವಾಚು ಸಾಮಾನ್ಯವಾಗಿ ನಿಲ್ಲುವುದಿಲ್ಲ, ವಾಚಿನ ವೇಗವನ್ನು ಹಿಡಿತದಲ್ಲಿಡುವ ಕೂದಲೆಳೆಯಂಥ ಹೇರ್‌ಸ್ಪ್ರಿಂಗಿನ ಸುತ್ತುಗಳು ಒಂದಕ್ಕೊಂದು ಅಂಟಿಕೊಂಡು ದಿನಕ್ಕೆ ಹಲವು ನಿಮಿಷ ಮುಂದೆ ಓಡುತ್ತದೆ. ತಾತನ ವಾಚು 1961ರಲ್ಲಿ ಬೆಂಗಳೂರಿನ ಎಚ್‌ಎಂಟಿ ಕಾರ್ಖಾನೆ ಶುರುವಾಗುವುದಕ್ಕೂ ಮೊದಲಿನ ವಿದೇಶಿ ವಾಚು ಎಂದು ಬದಲಾಯಿಸಿದರೆ, ಹಳೆಯ ಉಕ್ಕಿನ ಸ್ಪ್ರಿಂಗ್ ಮುರಿಯುವುದನ್ನೂ ತರಬಹುದು. ಆದರೆ ಆಗ ತಿರುಪು ಗಟ್ಟಿಯಾಗುವುದಿಲ್ಲ. ಎಷ್ಟು ತಿರುಗಿಸಿದರೂ ಕೊನೆಯೇ ಇಲ್ಲದಂತೆ ತಿರುಗುತ್ತಲೇ ಇರುತ್ತದೆ. ಜನತಾವನ್ನು ಬಿಟ್ಟುಕೊಡುವುದು ನನಗೆ ಇಷ್ಟವಿಲ್ಲ. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ ನಮ್ಮೂರಿನಲ್ಲೇ ತಯಾರಾದ, ನಮ್ಮ ತಂದೆಯ ಕಾಲದವರು ಮೊದಲ ಸಂಬಳದಲ್ಲಿ ಕೊಂಡ ವಾಚು ಅದು. ಬಸವನಗುಡಿಯ ತಾತನ ಕೈಗೆ ಅದೇ ಒಪ್ಪುತ್ತದೆ.

ಆದ್ದರಿಂದ ನನ್ನ ಸಲಹೆ ಬೆರಳಿನ ಲೆಕ್ಕದ ಕಡೆಗೇ. ಅದರಲ್ಲಿ ಇನ್ನೊಂದು ಅನುಕೂಲವಿದೆ: ಏನಾಯಿತು ಎಂಬುದನ್ನು ತಾತ ಯಾರನ್ನೂ ಕೇಳದೆ, ಮುಚ್ಚಳ ತೆಗೆಯದೆ ಕಂಡುಕೊಳ್ಳಬಹುದು. ಶುಕ್ರವಾರ ಬೆಳಿಗ್ಗೆ ಮನೆಯವರು ‘ಜಾಸ್ತಿ ಕೀ ಕೊಟ್ಟಿರ್ತಾಳೆ’ ಎನ್ನುತ್ತಿರುವಾಗ ತಾತ ವಾಚನ್ನು ತೆಗೆದುಕೊಂಡು ತಿರುಪು ಉರುಳಿಸಲಿ. ಕೀ ಹೆಚ್ಚಾಗಿದ್ದರೆ ಅದು ಮೊದಲ ಉರುಳಿಗೇ ಗಟ್ಟಿಯಾಗಿರಬೇಕಿತ್ತು. ಆಗುವುದಿಲ್ಲ. ಐದಾರು ಉರುಳಾಗುವಷ್ಟರಲ್ಲಿ ಟಿಕ್ ಟಿಕ್ ಶುರುವಾಗುತ್ತದೆ. ಈ ವಾಚು ಸೆಕೆಂಡಿಗೆ ಐದು ಸಲ ಮಿಡಿಯುತ್ತದೆ, ಕಿವಿಗಿಟ್ಟುಕೊಂಡ ಮಗುವಿಗೆ ಅದು ಬಿಡಿ ಬಿಡಿಯಾಗಿ ಕೇಳಿಸದೆ ಸಣ್ಣ ಮಳೆಯ ಹಾಗೆ ಕೇಳಿಸುತ್ತದೆ. ತಾತ ಮುಂದುವರಿಸುತ್ತಾರೆ. ಇಪ್ಪತ್ತೊಂದು ದಾಟುತ್ತದೆ, ಮೂವತ್ತು ದಾಟುತ್ತದೆ, ಮೂವತ್ತೈದರ ಹತ್ತಿರ ತಿರುಪು ನಿಲ್ಲುತ್ತದೆ. ವಾಚು ಪೂರ್ತಿ ಖಾಲಿಯಾಗಿತ್ತು ಎಂಬುದು ಅವರ ಬೆರಳಿಗೆ ಗೊತ್ತಾಗುವುದು ಆಗ. ಮಗುವಿನ ಬೆರಳನ್ನು ತಮ್ಮ ಬೆರಳಿನ ಪಕ್ಕದಲ್ಲಿಟ್ಟು ನೋಡಬೇಕೆನ್ನಿಸುವುದೂ ಆಗಲೇ.

ಆಮೇಲಿನ ಪಾಠದಲ್ಲಿ ತಾತ ಎಣಿಕೆಯನ್ನು ಕೈಬಿಡಲಿ. ಗಟ್ಟಿಯಾಗುವ ಕೊನೆಯ ಎರಡು ಮೂರು ಉರುಳುಗಳಲ್ಲಿ ತಿರುಪು ಭಾರವಾಗುತ್ತ ಬರುವುದು ಬೆರಳಿಗೆ ಸ್ಪಷ್ಟವಾಗಿ ತಿಳಿಯುತ್ತದೆ. ಅದನ್ನು ತಿಳಿಸಿಕೊಡಲು ನಾನು ಅಂಗಡಿಗೆ ಬರುವ ಮಕ್ಕಳ ಬೆರಳುಗಳ ಮೇಲೆ ನನ್ನ ಬೆರಳನ್ನು ಹಗುರವಾಗಿ ಇಡುತ್ತೇನೆ, ಉರುಳಿಸುವುದು ಅವರೇ. ಭಾರ ಹೆಚ್ಚಾದಾಗ ಅವರಾಗಿಯೇ ನಿಲ್ಲಿಸಿ ತಲೆ ಎತ್ತಿ ನೋಡುತ್ತಾರೆ. ಎಷ್ಟು ಉರುಳಾಯಿತು ಎಂದು ಕೇಳಿದರೆ ಒಬ್ಬರ ಲೆಕ್ಕ ಇಪ್ಪತ್ತೆಂಟು, ಇನ್ನೊಬ್ಬರದು ಮೂವತ್ತೊಂದು. ನಿಮ್ಮ ಹುಡುಗಿಯದು ಮೂವತ್ತು ಎಂದು ಬರೆದರೆ ಮೇಲಿನ ಲೆಕ್ಕಕ್ಕೆ ಸರಿಹೋಗುತ್ತದೆ.